ಒಂದು ನ್ಯೂರಾನ್ ಸಾಕಾಗಿತ್ತೇ?

ದೊಡ್ಡ ಭೂಕಂಪವಾದ ಮೇಲೆ ಮರುಕಂಪನಗಳು ಎಲ್ಲೆಲ್ಲಿ ಬರುತ್ತವೆ? 2018ರಲ್ಲಿ ‘ನೇಚರ್’ ಪತ್ರಿಕೆಯ ಒಂದು ಪ್ರಬಂಧ ಇದಕ್ಕೆ ಡೀಪ್ ಲರ್ನಿಂಗ್ ಬಳಸಿತು. 13,451 ನಿಯತಾಂಕಗಳ ಆ ಜಾಲದ ಎಯುಸಿ ಅಂಕ ಸುಮಾರು 0.85, ಹಳೆಯ ಒತ್ತಡ ಸೂತ್ರದ್ದು 0.58.

ಹೋಲಿಕೆಗೆ ಆರಿಸಿಕೊಂಡ ಎದುರಾಳಿಯೇ ದುರ್ಬಲವಾಗಿದ್ದರೆ? 2019ರಲ್ಲಿ ಮಿಗ್ನಾನ್ ಮತ್ತು ಬ್ರೊಕಾರ್ಡೊ ಎಂಬ ಸಂಶೋಧಕರು ಅದನ್ನೇ ಪರೀಕ್ಷಿಸಿದರು. ಭೂಮಿ ಸರಾಸರಿ ಎಷ್ಟು ಜಾರಿತು, ಬಿರುಕಿನಿಂದ ಆ ಜಾಗ ಎಷ್ಟು ದೂರ ಎಂಬೆರಡನ್ನೇ ಲಾಜಿಸ್ಟಿಕ್ ರಿಗ್ರೆಷನ್‌ಗೆ ಕೊಟ್ಟರು. ಅಂದರೆ ಒಂದೇ ನ್ಯೂರಾನ್. ಅಂಕ ಜಾಲಕ್ಕೆ ಸರಿಸಮವಾಯಿತು! ಮರುಕಂಪನಗಳು ಬಿರುಕಿನ ಹತ್ತಿರವೇ ಹೆಚ್ಚು ಎಂಬುದು ಭೂಕಂಪಶಾಸ್ತ್ರಕ್ಕೆ ಹೊಸದೇನಲ್ಲ.

ಇನ್ನೊಬ್ಬ ದತ್ತಾಂಶ ತಜ್ಞರ ಆಕ್ಷೇಪ ಬೇರೆ: ಕೆಲವು ಭೂಕಂಪಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಇವೆ, ಇದು ದತ್ತಾಂಶ ಸೋರಿಕೆ. ತರಬೇತಿಗಿಂತ ಪರೀಕ್ಷೆಯಲ್ಲೇ ಅಂಕ ಹೆಚ್ಚಿದ್ದದ್ದು ಅವರಿಗೆ ಸಂಶಯ ಹುಟ್ಟಿಸಿತ್ತು. ಪ್ರಬಂಧದ ಲೇಖಕರು ಒಪ್ಪಲಿಲ್ಲ. ಇಂಥ ಅನುಮಾನ ಬಂದಾಗ ಮಾಡಬೇಕಾದ್ದು ಸರಳ: ಒಂದು ಭೂಕಂಪದ ಎಲ್ಲ ಚೌಕಗಳನ್ನೂ ಒಂದೇ ಕಡೆ ಇಟ್ಟು ಮತ್ತೆ ಅಳೆಯಬೇಕು.

ಎಯುಸಿಯನ್ನೂ ಹುಷಾರಾಗಿ ಓದಬೇಕು. ಮರುಕಂಪನವಾದ ಒಂದು ಚೌಕ, ಆಗದ ಒಂದು ಚೌಕ ಎತ್ತಿಕೊಂಡರೆ, 100ರಲ್ಲಿ 85 ಸಲ ಮೊದಲನೆಯದಕ್ಕೆ ಹೆಚ್ಚು ಅಂಕ ಸಿಗುತ್ತದೆ, ಅಷ್ಟೇ ಅದರ ಅರ್ಥ. 100 ಚೌಕಗಳಲ್ಲಿ ಎರಡರಲ್ಲಷ್ಟೇ ಮರುಕಂಪನವಾಗುವುದಾದರೆ, ಉಳಿದ 98ರಲ್ಲಿ ಸುಮಾರು 15 ಚೌಕಗಳು ನಿಜವಾದ ಒಂದು ಚೌಕಕ್ಕಿಂತ ಮೇಲೆ ಕುಳಿತಿರಬಹುದು. ಎಚ್ಚರಿಕೆ ಕೊಡಬೇಕಾದ ಅಧಿಕಾರಿಗೆ ಬೇಕಿರುವುದು ಆ ಲೆಕ್ಕ.