ಪಿಕಪ್ಪೋ, ಗಾಣವೋ?

ಇದೊಂದು ಕಥೆ. ಡ್ರೈವರ್ ಕಲ್ಪಿತ, ಆದರೆ ಅವನಂಥವರು ಕುಂದಾಪುರದ ಕಡೆ ಮನೆಗೊಬ್ಬರಂತೆ ಸಿಗುತ್ತಾರೆ. ದುಬೈಯ ಒಂದು ಕಂಪನಿಯಲ್ಲಿ ಹತ್ತು ವರ್ಷದಿಂದ ಡೆಲಿವರಿ ವ್ಯಾನ್ ಓಡಿಸುತ್ತಿದ್ದಾನೆ. ವಯಸ್ಸು ನಲವತ್ತು ದಾಟಿದೆ, ಊರಿಗೆ ಹೋಗಿ ನೆಲೆಸುವ ಮನಸ್ಸಾಗಿದೆ. ಯೋಚನೆಯಲ್ಲಿರುವ ಕಸುಬು ಎರಡು. ಒಂದು, ಸಣ್ಣ ಗೂಡ್ಸ್ ಗಾಡಿ ಕೊಂಡು ಬಾಡಿಗೆಗೆ ಓಡಿಸುವುದು. ಇನ್ನೊಂದು, ಮನೆ ಪಕ್ಕದ ಕೊಟ್ಟಿಗೆಯಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಮಿಲ್ಲು ಹಾಕುವುದು.

ಮೊದಲು ಕೈಗೆ ಬರುವ ದುಡ್ಡೆಷ್ಟು ಎಂದು ನೋಡಬೇಕು. ಇಲ್ಲೇ ಅನೇಕರ ಲೆಕ್ಕ ತಪ್ಪುವುದು. ಅವನ ಸಂಬಳ 2,800 ದಿರ್ಹಾಮ್ ಎಂದುಕೊಳ್ಳೋಣ. ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಯಿಟಿಯನ್ನು ಅವನು ಮನಸ್ಸಿನಲ್ಲೇ ಆ ಮೊತ್ತದ ಮೇಲೆ ಗುಣಿಸುತ್ತ ಬಂದಿದ್ದಾನೆ. ಆದರೆ ಯುಎಇ ಕಾನೂನು ನೋಡುವುದು ಮೂಲ ವೇತನವನ್ನು ಮಾತ್ರ. ವಸತಿ, ಊಟ, ಓಡಾಟದ ಭತ್ಯೆ ಅದರಲ್ಲಿ ಸೇರುವುದಿಲ್ಲ. ಅವನ ಕಾಂಟ್ರಾಕ್ಟ್‌ನಲ್ಲಿ ಮೂಲ ವೇತನ 1,500, ಅಂದರೆ ದಿನಕ್ಕೆ 50 ದಿರ್ಹಾಮ್. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ಹತ್ತು ವರ್ಷಕ್ಕೆ 255 ದಿನ, 12,750 ದಿರ್ಹಾಮ್. ದಿರ್ಹಾಮಿಗೆ 24 ರೂಪಾಯಿ ಹಿಡಿದರೆ ಮೂರು ಲಕ್ಷದ ಆಸುಪಾಸು. ಉಳಿತಾಯದ ಇನ್ನೊಂದು ಮೂರು ಲಕ್ಷ ಸೇರಿದರೆ ಒಟ್ಟು ಆರು. ಈ ಆರರಲ್ಲಿ ಮನೆಯ ಆರು ತಿಂಗಳ ಖರ್ಚನ್ನು ಮೊದಲೇ ಪಕ್ಕಕ್ಕಿಡಬೇಕು. ಅದನ್ನು ಬಂಡವಾಳದ ಜೊತೆ ಬೆರೆಸಿದವರು ಮೊದಲ ಮಳೆಗಾಲದಲ್ಲೇ ಹೆಂಡತಿಯ ಚಿನ್ನ ಅಡವಿಡಬೇಕಾಗುತ್ತದೆ.

ಗಾಡಿಯ ಕಡೆಗೆ ಅವನ ಮನಸ್ಸು ತಾನಾಗಿ ಎಳೆಯುತ್ತದೆ. ಗೊತ್ತಿರುವ ಕೆಲಸ. ಕಾಗದಪತ್ರದ ತೊಡಕೂ ಕಡಿಮೆ: ಸರಕು ಸೇರಿ 3,000 ಕಿಲೋ ಮೀರದ ಗಾಡಿಗೆ ಪರ್ಮಿಟ್ ಬೇಡ, 7,500 ಕಿಲೋವರೆಗಿನ ವಾಣಿಜ್ಯ ವಾಹನಕ್ಕೆ ಸಾಮಾನ್ಯ ಎಲ್‌ಎಂವಿ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತಪಡಿಸಿದೆ. ಒಂದೇ ಎಚ್ಚರ ಬೇಕು. ಊರಿನ ಲೈಸೆನ್ಸಿನ ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ನವೀಕರಣಕ್ಕೆ ಮತ್ತೆ ಟೆಸ್ಟ್ ಕೊಡಬೇಕು. ಗಲ್ಫಿನಲ್ಲಿ ಇರುವಾಗ ಇದನ್ನು ಮರೆಯುವವರೇ ಹೆಚ್ಚು.

ಈಗ ಗಾಡಿಯ ಲೆಕ್ಕ. ಬೆಲೆ 6 ಲಕ್ಷ, ಕೈಯಿಂದ 2 ಲಕ್ಷ, ಉಳಿದ 4 ಲಕ್ಷಕ್ಕೆ ಶೇಕಡಾ 11ರ ಬಡ್ಡಿಯಲ್ಲಿ ನಾಲ್ಕು ವರ್ಷದ ಸಾಲ ಎಂದಿಟ್ಟುಕೊಂಡರೆ ಕಂತು ತಿಂಗಳಿಗೆ ಸುಮಾರು 10,300. ಇನ್ಶೂರೆನ್ಸ್, ಟೈರು, ಸರ್ವಿಸು ಎಂದು ತಿಂಗಳಿಗೆ 6,000 ತೆಗೆದಿಡಬೇಕು. ಇಂಧನ ಕಳೆದು ಒಂದು ಬಾಡಿಗೆಗೆ 500 ಉಳಿದರೆ, ತಿಂಗಳ ಮೊದಲ 33 ಬಾಡಿಗೆ ಗಾಡಿಯ ಹೊಟ್ಟೆಗೇ ಹೋಗುತ್ತದೆ. ದಿನಕ್ಕೆ ಎರಡರಂತೆ 25 ದಿನ ಓಡಿದರೆ ಅವನಿಗೆ ಉಳಿಯುವುದು 8,700. ಇನ್ನೊಬ್ಬರ ಗಾಡಿ ಓಡಿಸಿದರೂ ಅವನಿಗೆ ಇದಕ್ಕಿಂತ ಹೆಚ್ಚು ಸಂಬಳ ಸಿಕ್ಕೀತು! ಅಂದರೆ ಇಲ್ಲಿ ಲಾಭವೆಂದು ಕಾಣುವುದು ಅವನದೇ ಕೂಲಿ, ಅದೂ ಪೂರ್ತಿ ಅಲ್ಲ. ಕರಾವಳಿಯಲ್ಲಿ ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮೀನಿನ ಲೋಡು ಇಲ್ಲ. ಮಳೆಗೆ ಮನೆ ಕಟ್ಟುವ ಕೆಲಸ ನಿಂತು ಕೆಂಪುಕಲ್ಲಿನ ಬಾಡಿಗೆಯೂ ಇಲ್ಲ. ಕಂತು ಮಾತ್ರ ನಿಲ್ಲುವುದಿಲ್ಲ.

ಗಾಣದ ಯೋಚನೆ ಹೆಂಡತಿಯದು. ಆದರೆ ಫೋನಿನಲ್ಲಿ ಮೊದಲ ಅಡ್ಡಿ ತೆಗೆದವಳೂ ಅವಳೇ: “ಹ್ವಾಯ್, ಮಳ್ಗಾಲ್ದಗೆ ಕೊಬ್ರಿ ಒಣ್ಸುದ್ ಎಲ್ಲಿ?”

ಮೂಲದ ಪ್ರಶ್ನೆ ಅದೇ. ಹಸಿ ಕಾಯಿಯ ತಿರುಳಿನಲ್ಲಿ ಅರ್ಧದಷ್ಟು ನೀರು. ಗಾಣಕ್ಕೆ ಹಾಕುವ ಹೊತ್ತಿಗೆ ಅದು ನೂರಕ್ಕೆ ಆರರ ಹತ್ತಿರ ಇಳಿದಿರಬೇಕು. ಒಳ್ಳೆಯ ಬಿಸಿಲಿಗೂ ಒಂದು ವಾರ ಬೇಕು. ಕೈಯಲ್ಲಿ ಮುರಿದರೆ ಗೊತ್ತಾಗುತ್ತದೆ: ಒಣಗಿದ ಕೊಬ್ಬರಿ ಟಕ್ಕೆಂದು ಮುರಿಯುತ್ತದೆ, ಹಸಿ ಇದ್ದದ್ದು ಬಾಗುತ್ತದೆ. ಹಸಿ ಕೊಬ್ಬರಿ ಹಾಕಿದರೆ ಹಿಂಡಿ ಗರಿಯಾಗಿ ಉದುರದೆ ಮುದ್ದೆಯಾಗಿ ಬರುತ್ತದೆ, ಎಣ್ಣೆ ಮಬ್ಬಾಗಿರುತ್ತದೆ, ಬೇಗ ಕಮಟು ವಾಸನೆ ಹಿಡಿಯುತ್ತದೆ. ಸರಿಯಾಗಿ ಒಣಗಿದ ಹತ್ತು ಕಿಲೋದಲ್ಲಿ ಆರು ಕಿಲೋ ಎಣ್ಣೆ ಸಿಗುತ್ತದೆ.

ಅವನ ಮೊದಲ ಲೆಕ್ಕ ಕೊಬ್ಬರಿ ಕೊಂಡು, ಎಣ್ಣೆ ಮಾಡಿ, ಬಾಟಲಿ ತುಂಬಿ ಮಾರುವುದಾಗಿತ್ತು. ನಾನು ಇದನ್ನು ಹೊಸಬರಿಗೆ ಹೇಳಲಾರೆ. ಕೊಬ್ಬರಿ ಕೊಳ್ಳುವಾಗ ನಗದು ಕೊಡಬೇಕು, ಎಣ್ಣೆ ಮಾರುವಾಗ ಅಂಗಡಿಯವರು ಸಾಲ ಹೇಳುತ್ತಾರೆ. 2025ರಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದ್ದನ್ನು ನೋಡಿದ್ದೇವೆ. ಹಾಗೆ ಏರಿದ ಬೆಲೆಗೆ ಇಳಿಯುವುದೂ ಗೊತ್ತು. ಒಂದು ಟನ್ ಕೊಬ್ಬರಿ ದಾಸ್ತಾನಿರುವಾಗ ಕಿಲೋಗೆ 20 ರೂಪಾಯಿ ಕುಸಿದರೆ ಗಾಣ ತಿರುಗುವ ಮೊದಲೇ 20,000 ಹೋಯಿತು.

ಇನ್ನೊಂದು ದಾರಿ ಕೂಲಿ ಗಾಣ. ಮನೆಯವರು ತಮ್ಮ ಕೊಬ್ಬರಿ ತರುತ್ತಾರೆ, ತಮ್ಮ ಎಣ್ಣೆ ಒಯ್ಯುತ್ತಾರೆ, ಇವನು ಕಿಲೋ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳುತ್ತಾನೆ. ಬೆಲೆ ಏರಲಿ ಇಳಿಯಲಿ, ಇವನಿಗೆ ತಟ್ಟುವುದು ಕಡಿಮೆ. ಯಂತ್ರ, ಮೋಟಾರು, ಕೊಬ್ಬರಿ ತುಂಡರಿಸುವ ಕಟರು, ಸೋಸುವ ಫಿಲ್ಟರು, ವೈರಿಂಗು ಸೇರಿ ಮೂರೂವರೆ ಲಕ್ಷ ಹಿಡಿಯೋಣ, ಸಾಲ ಬೇಡ. ಕಿಲೋಗೆ 10 ರೂಪಾಯಿ ಕೂಲಿ, ದಿನಕ್ಕೆ 100 ಕಿಲೋ, ತಿಂಗಳಲ್ಲಿ 20 ದಿನ ಎಂದರೆ 20,000. ಕರೆಂಟು, ರಿಪೇರಿಗೆ 5,000 ಕಳೆದರೆ 15,000.

ಆದರೆ ದಿನಕ್ಕೆ 100 ಕಿಲೋ ಬರುತ್ತದೆಯೇ? ಒಂದು ಮನೆ ಒಂದು ಸಲಕ್ಕೆ 25 ಕಿಲೋ ತಂದರೆ ದಿನಕ್ಕೆ ನಾಲ್ಕು ಮನೆ, ತಿಂಗಳಿಗೆ 80. ಮಳೆಯ ನಾಲ್ಕು ತಿಂಗಳು ಬಿಟ್ಟು ವರ್ಷಕ್ಕೆ 640 ಸಲ. ಒಂದು ಮನೆ ವರ್ಷಕ್ಕೆ ಎರಡು ಸಲ ಎಣ್ಣೆ ಮಾಡಿಸುತ್ತದೆ ಎಂದರೆ 320 ಮನೆ ಬೇಕು, ಅದೂ ತೆಂಗಿನ ತೋಟ ಇರುವಂಥವು, ಹತ್ತಿರ ಬೇರೆ ಮಿಲ್ಲು ಇಲ್ಲದಂಥವು. ಇದನ್ನು ದುಬೈಯ ರೂಮಿನಲ್ಲಿ ಕುಳಿತು ಊಹಿಸಲು ಬರುವುದಿಲ್ಲ.

ಹಾಗಾಗಿ ಏಪ್ರಿಲ್‌ನ ರಜೆಯಲ್ಲಿ ಬಂದವನು ನೆಂಟರ ಮನೆ ಸುತ್ತುವುದನ್ನು ಕಡಿಮೆ ಮಾಡಿ ಪಕ್ಕದ ಊರಿನ ಮಿಲ್ಲಿನ ಎದುರು ಬೆಳಿಗ್ಗೆ ಹೋಗಿ ನಿಂತ. ಚೀಲ ತಂದವರನ್ನು ಎಲ್ಲಿಂದ ಬಂದಿರಿ, ಎಷ್ಟು ಹೊತ್ತು ಕಾದಿರಿ ಎಂದು ಕೇಳಿದ. ಹೆಂಡತಿ ಸ್ವಸಹಾಯ ಸಂಘದ ಹೆಂಗಸರಿಂದ ಯಾರ ಮನೆಯಲ್ಲಿ ಎಷ್ಟು ಕಾಯಿ, ಯಾರು ಅಂಗಡಿ ಎಣ್ಣೆ ತರುತ್ತಾರೆ ಎಂದು ಬರೆದುಕೊಂಡಳು. ಸಿಕ್ಕಿದ್ದು ಇನ್ನೂರರ ಹತ್ತಿರದ ಮನೆಗಳು. ಅಂದರೆ ಲೆಕ್ಕದ ಮುಕ್ಕಾಲೂ ಇಲ್ಲ. ತಿಂಗಳ ಕೂಲಿ 12,500, ಖರ್ಚು ಕಳೆದು ಎಂಟು ಸಾವಿರದಷ್ಟು, ಅದೂ ಎಂಟೇ ತಿಂಗಳು.

ತಿಂಗಳಿಗೆ ನೋಡಿದರೆ ಎರಡೂ ಒಂದೇ ಮಟ್ಟಕ್ಕೆ ಬಂದು ನಿಂತವು. ವ್ಯತ್ಯಾಸ ಇರುವುದು ಸಾಲದಲ್ಲಿ ಮತ್ತು ಸಮಯದಲ್ಲಿ. ಗಾಣಕ್ಕೆ ಕಂತಿಲ್ಲ, ಮಳೆಗಾಲದಲ್ಲಿ ನಿಲ್ಲಿಸಿದರೆ ಅದು ಏನನ್ನೂ ಕೇಳುವುದಿಲ್ಲ. ಬೆಳಿಗ್ಗೆ ಮೂರು ಗಂಟೆಯ ಕೆಲಸವಾದ್ದರಿಂದ ಹೆಂಡತಿಯೇ ನಡೆಸಬಲ್ಲಳು. ಅವನು ಸಂಬಳಕ್ಕೆ ಬೇರೆಯವರ ಗಾಡಿ ಓಡಿಸಬಹುದು. ಗಾಡಿ ಕೊಂಡರೆ ಇಡೀ ದಿನ ಅವನೇ ಸೀಟಿನಲ್ಲಿ ಇರಬೇಕು.

ಅವನು ಗಾಣ ಆರಿಸಿಕೊಂಡ. ರಜೆ ಮುಗಿಯುವ ಮುಂಚೆ ಲೈಸೆನ್ಸ್ ನವೀಕರಿಸಿಕೊಂಡು, ತ್ರೀ ಫೇಸ್ ಕರೆಂಟಿಗೆ ಮೆಸ್ಕಾಂಗೆ ಅರ್ಜಿ ಹಾಕಿ ಹೋದ. ರಾಜೀನಾಮೆಯನ್ನು ಮಾತ್ರ ಕೂಡಲೇ ಕೊಡಲಿಲ್ಲ. ಮೇ ತಿಂಗಳಲ್ಲಿ ಬಂದರೆ ಮುಂದೆ ನಾಲ್ಕು ತಿಂಗಳು ಕೊಬ್ಬರಿಯಿಲ್ಲದ ಕೊಟ್ಟಿಗೆಯಲ್ಲಿ ಕೂರಬೇಕು. ಸೆಪ್ಟೆಂಬರ್‌ನಲ್ಲಿ ನೋಟಿಸ್ ಕೊಟ್ಟು ನವೆಂಬರ್‌ಗೆ ಬಂದರೆ ಯಂತ್ರ ಕೂರಿಸಿ, ಜನವರಿಯ ಬಿಸಿಲಿಗೆ ಬರುವ ಮೊದಲ ಚೀಲಕ್ಕೆ ಸಿದ್ಧನಾಗಬಹುದು ಎಂದು ಟಿಕೆಟನ್ನು ಆ ಲೆಕ್ಕಕ್ಕೇ ಹೊಂದಿಸಿಕೊಂಡ.