ಬಿಗಿದ ದವಡೆಗೆ ಬಿಡುವುದನ್ನು ಕಲಿಸುವ ವ್ಯಾಯಾಮ

ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗಬೇಕಾದದ್ದು ಊಟ ಅಗಿಯುವಾಗ ಮತ್ತು ಏನಾದರೂ ನುಂಗುವಾಗ ಮಾತ್ರ. ಉಳಿದ ಹೊತ್ತಿನಲ್ಲಿ ತುಟಿ ಮುಚ್ಚಿರಬಹುದು, ಆದರೆ ಹಲ್ಲುಗಳ ನಡುವೆ ಕೊಂಚ ಸಂದಿ ಇರಬೇಕು. ವರ್ಷಗಟ್ಟಲೆ ಆತಂಕದಲ್ಲೇ ಬದುಕುವವರಲ್ಲಿ ಈ ಸಂದಿ ಎಷ್ಟೋ ಸಲ ಕಾಣುವುದೇ ಇಲ್ಲ. ಕಂಪ್ಯೂಟರ್ ಮುಂದೆ ಕೂತಾಗ, ಬಸ್ಸಿಗೆ ಕಾಯುವಾಗ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗಲೂ ಹಲ್ಲು ಕಚ್ಚಿಕೊಂಡೇ ಇರುತ್ತದೆ.

ದಾವಣಗೆರೆಯ ಸಹಕಾರಿ ಬ್ಯಾಂಕೊಂದರ ಕ್ಯಾಷಿಯರ್ ಒಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು 44. ಲೆಕ್ಕ ತಪ್ಪೀತೆಂಬ ಭಯ, ಮಗಳ ಓದಿನ ಚಿಂತೆ, ಮನೆ ಸಾಲ, ಎಲ್ಲ ಸೇರಿ ಹತ್ತು ವರ್ಷಗಳಿಂದ ಮನಸ್ಸಿಗೆ ನೆಮ್ಮದಿಯಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತದೆ. ಸಂಜೆಗೆ ತಲೆಯ ಸುತ್ತ ರುಮಾಲು ಬಿಗಿದು ಕಟ್ಟಿದಂಥ ನೋವು. ಎರಡೂ ಕಡೆ ಒತ್ತಿದ ಹಾಗೆ ನೋಯುತ್ತದೆಯೇ ಹೊರತು ಸಿಡಿಯುವುದಿಲ್ಲ, ವಾಂತಿ ಬರುವುದಿಲ್ಲ, ನಾಲ್ಕು ಹೆಜ್ಜೆ ನಡೆದರೆ ಹೆಚ್ಚುವುದೂ ಇಲ್ಲ. ಕಣ್ಣು ತೋರಿಸಿಯಾಗಿದೆ, ರಕ್ತದೊತ್ತಡವೂ ಸರಿಯಿದೆ. ವೈದ್ಯರು ಇದನ್ನು ‘ಟೆನ್ಷನ್ ತಲೆನೋವು’ ಎನ್ನುತ್ತಾರೆ.

ಆತಂಕಗೊಂಡ ದೇಹ ಪೆಟ್ಟು ಬೀಳುವುದಕ್ಕೆ ಮೊದಲೇ ತಯಾರಾಗಿ ನಿಲ್ಲುತ್ತದೆ. ಹೆಗಲು ಕಿವಿಯ ಕಡೆಗೆ ಏರುತ್ತದೆ, ದವಡೆ ಬಿಗಿಯುತ್ತದೆ, ಹಣೆ ಗಂಟಿಕ್ಕುತ್ತದೆ. ಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿದರೆ ಉಬ್ಬುವ ಸ್ನಾಯುವೇ ದವಡೆಯನ್ನು ಎಳೆಯುವುದು. ಅದೇ ಕೆಲಸ ಮಾಡುವ ಇನ್ನೊಂದು ಸ್ನಾಯು ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿದೆ. ಹಲ್ಲು ಕಚ್ಚುವವರಿಗೆ ಕಣತಲೆ ನೋಯುವುದು ಇದರಿಂದಲೇ. ಕತ್ತಿನಿಂದ ಹೆಗಲಿಗೆ ಇಳಿಯುವ ದೊಡ್ಡ ಸ್ನಾಯುವೂ ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳೂ ದಿನವಿಡೀ ಬಿಗಿದಿದ್ದರೆ ಮುಟ್ಟಿದರೆ ನೋಯುವಷ್ಟು ಮೃದುವಾಗುತ್ತವೆ. ನೋವು ಪದೇ ಪದೇ ಬಂದಾಗ ಮಿದುಳು ಕೂಡ ಸಣ್ಣ ನೋವನ್ನು ದೊಡ್ಡದಾಗಿ ಗ್ರಹಿಸತೊಡಗುತ್ತದೆ. ಇಷ್ಟಾದರೂ ಆ ಕ್ಯಾಷಿಯರ್‌ಗೆ ತನ್ನ ಹೆಗಲು ಏರಿದೆಯೆಂಬುದೇ ಗೊತ್ತಿರುವುದಿಲ್ಲ. ಬಿಗಿತವೇ ಅಭ್ಯಾಸವಾಗಿಬಿಟ್ಟಿರುತ್ತದೆ.

ಈ ‘ಗೊತ್ತಿಲ್ಲದಿರುವಿಕೆ’ಯನ್ನೇ ಹಿಡಿದು ಕೆಲಸ ಮಾಡಿದವರು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್. 1908ರಲ್ಲಿ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, ದಿಢೀರ್ ಸದ್ದಿಗೆ ಜನ ಬೆಚ್ಚಿಬೀಳುವುದನ್ನು ಅವರು ಅಭ್ಯಸಿಸಿದರು. ಮೈಯನ್ನು ಚೆನ್ನಾಗಿ ಸಡಿಲ ಬಿಟ್ಟವರು ಅಷ್ಟಾಗಿ ಬೆಚ್ಚುತ್ತಿರಲಿಲ್ಲ. ಮುಂದೆ ಷಿಕಾಗೊದಲ್ಲಿ ಇದನ್ನೇ ಬೆಳೆಸಿ, 1929ರಲ್ಲಿ ‘ಪ್ರೋಗ್ರೆಸಿವ್ ರಿಲ್ಯಾಕ್ಸೇಶನ್’ ಎಂಬ ಪುಸ್ತಕ ಬರೆದರು. ಅವರ ಪಾಠಗಳು ತಿಂಗಳುಗಟ್ಟಲೆ ನಡೆಯುತ್ತಿದ್ದವು. 1950ರ ದಶಕದಲ್ಲಿ ಜೋಸೆಫ್ ವೋಲ್ಪಿ ಅದನ್ನು ಚಿಕ್ಕದಾಗಿಸಿದರು. 1973ರಲ್ಲಿ ಬರ್ನ್‌ಸ್ಟೀನ್ ಮತ್ತು ಬೊರ್ಕೊವೆಕ್ ಎಂಬ ಮನಶ್ಶಾಸ್ತ್ರಜ್ಞರು ದೇಹವನ್ನು 16 ಸ್ನಾಯುಗುಂಪುಗಳಾಗಿ ವಿಂಗಡಿಸಿ ಕೈಪಿಡಿ ಬರೆದರು. ಇಂದು ಬಹುತೇಕ ಕಡೆ ಕಲಿಸುವುದು ಅದರದೇ ರೂಪಾಂತರಗಳನ್ನು.

‘ಶವಾಸನದಲ್ಲಿ ಮಲಗಿದರೆ ಸಾಲದೇ?’ ಎಂದು ಕೇಳುವವರಿದ್ದಾರೆ. ಕೆಲವರಿಗೆ ಸಾಕು. ಆದರೆ ಯಾವುದು ಬಿಗಿದಿದೆ ಎಂದೇ ತಿಳಿಯದವರಿಗೆ ‘ಸಡಿಲ ಬಿಡಿ’ ಎಂದರೆ ಬಿಡುವುದೇನನ್ನು? ಅದಕ್ಕಾಗಿಯೇ ಇಲ್ಲಿ ಮೊದಲು ಬೇಕೆಂದೇ ಸ್ನಾಯುವನ್ನು ಬಿಗಿಯುವುದು, ಆಮೇಲೆ ಬಿಡುವುದು. ಎರಡರ ನಡುವಿನ ವ್ಯತ್ಯಾಸವನ್ನು ಗುರುತಿಸುವುದೇ ನಿಜವಾದ ಕಲಿಕೆ.

ತಲೆಗೆ ಆನಿಕೆಯಿರುವ ಕುರ್ಚಿಯಲ್ಲಿ ಕೂತರಾಯಿತು, ಮಲಗಲೂಬಹುದು. ಆರಂಭ ಕೈಯಿಂದ, ಏಕೆಂದರೆ ಬಿಗಿತ ಮತ್ತು ಸಡಿಲಿಕೆ ಅಲ್ಲಿ ಸುಲಭವಾಗಿ ತಿಳಿಯುತ್ತವೆ. ಮುಷ್ಟಿ ಬಿಗಿದು ಐದರಿಂದ ಏಳು ಸೆಕೆಂಡು ಹಿಡಿಯಬೇಕು, ಉಸಿರನ್ನು ಮಾತ್ರ ಹಿಡಿಯಬಾರದು. ಆಮೇಲೆ ಮೆಲ್ಲಗೆ ಇಳಿಸದೆ ಒಮ್ಮೆಲೇ ಬಿಟ್ಟುಬಿಡಬೇಕು. ನಂತರದ 30–40 ಸೆಕೆಂಡು ಏನೂ ಮಾಡದೆ ಕೈಯಲ್ಲಿ ಏನಾಗುತ್ತಿದೆ ಎಂದು ಗಮನಿಸಬೇಕು. ಹೆಚ್ಚಿನವರು ಅವಸರ ಮಾಡುವುದು ಇಲ್ಲಿಯೇ. ಬಿಗಿಯುವುದನ್ನು ಶ್ರದ್ಧೆಯಿಂದ ಮಾಡಿ, ಬಿಟ್ಟ ಮೇಲಿನ ಹೊತ್ತನ್ನು ಹಾರಿಸಿಬಿಡುತ್ತಾರೆ. ಕೈ ಭಾರವಾದಂತೆ ಅಥವಾ ಬೆಚ್ಚಗಾದಂತೆ ಅನ್ನಿಸಿದರೆ ಸರಿಯಾಗಿ ಆಗುತ್ತಿದೆ ಎಂದರ್ಥ. ಪ್ರತಿ ಗುಂಪಿಗೂ ಎರಡು ಸಲ.

ಬಳಿಕ ಹಣೆ: ಹುಬ್ಬು ಮೇಲೇರಿಸಿ ಬಿಡುವುದು. ಕಣ್ಣು: ಗಟ್ಟಿಯಾಗಿ ಮುಚ್ಚಿ ಬಿಡುವುದು. ದವಡೆಯ ಸರದಿ ಬಂದಾಗ ಎಚ್ಚರ ಬೇಕು. ಮೊದಲೇ ನೊಂದಿರುವ ದವಡೆಯನ್ನು ಪೂರ್ತಿ ಬಲ ಹಾಕಿ ಕಚ್ಚಬಾರದು. ಮೂರರಲ್ಲೊಂದು ಪಾಲು ಬಲ ಸಾಕು, ಕೀಲಿನಲ್ಲಿ ಟಕ್ ಎಂಬ ಸದ್ದೋ ನೋವೋ ಇದ್ದರೆ ಅದೂ ಬೇಡ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟರೂ ಆದೀತು. ಬಿಟ್ಟಾಗ ಹಲ್ಲುಗಳು ಬೇರ್ಪಟ್ಟು ಕೆಳದವಡೆ ತಾನಾಗಿ ಜೋತುಬೀಳಬೇಕು. ಕತ್ತಿಗೆ, ತಲೆಯನ್ನು ಕುರ್ಚಿಯ ಆನಿಕೆಗೆ ಮೆಲ್ಲಗೆ ಒತ್ತಿದರೆ ಸಾಕು. ಹಿಂದಕ್ಕೆ ಬಾಗಿಸುವುದಾಗಲಿ ತಿರುಗಿಸುವುದಾಗಲಿ ಬೇಡ. ಕೊನೆಗೆ ಎರಡೂ ಹೆಗಲನ್ನು ಕಿವಿಯತ್ತ ಎತ್ತಿ, ಹಿಡಿದು, ಒಮ್ಮೆಲೇ ಕೆಳಗೆ ಬಿಡುವುದು. ಎಷ್ಟು ಕೆಳಕ್ಕೆ ಇಳಿಯಿತು ಎಂದು ನೋಡಿಕೊಂಡರೆ ಅದು ಮೊದಲು ಎಷ್ಟು ಮೇಲಿತ್ತು ಎಂಬುದೂ ತಿಳಿಯುತ್ತದೆ.

ನಮ್ಮ ಕ್ಯಾಷಿಯರ್ ಇದನ್ನು ದಿನಕ್ಕೆರಡು ಸಲ, ಕಾಲು ಕಾಲು ಗಂಟೆ ಮಾಡುತ್ತಾರೆ ಎನ್ನೋಣ. ಮೊದಲ ವಾರ ತಲೆನೋವಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರುವುದಿಲ್ಲ. ಎರಡನೆಯ ವಾರ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಕೌಂಟರ್ ಮುಂದೆ ಸಾಲು ಬೆಳೆದಂತೆ ಬಲ ಹೆಗಲು ಏರುತ್ತದೆ, ನೋಟು ಎಣಿಸುವಾಗ ಹಲ್ಲು ಕಚ್ಚುತ್ತದೆ. ಇದು ಮನಸ್ಸಿಗೆ ಬಂತೆಂದರೆ ಅರ್ಧ ಕೆಲಸ ಆದಂತೆ. ಆಮೇಲೆ ಹಂತ ಹಂತವಾಗಿ ಗುಂಪುಗಳನ್ನು ಕೂಡಿಸುತ್ತ ಬಂದು, ಕೆಲವು ವಾರಗಳ ನಂತರ ಬಿಗಿಯದೆಯೇ ನೇರವಾಗಿ ಬಿಡುವುದನ್ನು ಕಲಿಯಬೇಕು. ಎರಡು ಗಿರಾಕಿಗಳ ನಡುವೆ ಉಸಿರು ಹೊರಬಿಡುತ್ತ ಹೆಗಲು ಇಳಿಸಿ, ಹಲ್ಲು ಬಿಡಿಸಿಕೊಳ್ಳಲು ಕೆಲವೇ ಸೆಕೆಂಡು ಸಾಕು. ಮಲಗಿ ಮಾಡುವ ವ್ಯಾಯಾಮ ಬ್ಯಾಂಕಿನ ಕುರ್ಚಿಗೆ ಬಂದಾಗಲೇ ಉಪಯೋಗ. ತಲೆನೋವು ಜೋರಾದ ಮೇಲಷ್ಟೇ ಮಾಡುವವರಿಗೆ ಇದರಿಂದ ನಿರಾಶೆಯೇ ಹೆಚ್ಚು.

ಕ್ಯಾಲೆಂಡರಿನ ಮೇಲೆ ಮೂರು ಸಂಗತಿ ಬರೆದಿಟ್ಟರೆ ಗುಣ ಆಗುತ್ತಿದೆಯೇ ಎಂದು ತಿಳಿಯುತ್ತದೆ: ಆ ದಿನ ನೋವಿತ್ತೇ, ಹತ್ತಕ್ಕೆ ಎಷ್ಟು, ಎಷ್ಟು ಮಾತ್ರೆ ನುಂಗಿದ್ದು. ಮಾತ್ರೆಯ ಲೆಕ್ಕ ಬಹಳ ಮುಖ್ಯ. ಪ್ಯಾರಾಸಿಟಮಾಲ್‌ನಂಥ ಸಾದಾ ಗುಳಿಗೆಗಳನ್ನೂ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಆ ಗುಳಿಗೆಯೇ ತಲೆನೋವಿಗೆ ಕಾರಣವಾಗಬಹುದು. ಆಗ ಯಾವ ವ್ಯಾಯಾಮವೂ ಸಾಲದು, ವೈದ್ಯರನ್ನು ಕಂಡು ಗುಳಿಗೆ ಕಡಿಮೆ ಮಾಡಬೇಕು.

ಈ ವಿಧಾನಕ್ಕೆ ಮಿತಿಗಳಿವೆ. ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನು ಇದು ನಿಲ್ಲಿಸುತ್ತದೆಂಬ ಭರವಸೆಯಿಲ್ಲ. ಹಲ್ಲು ಸವೆಯುತ್ತಿದ್ದರೆ ದಂತವೈದ್ಯರು ರಾತ್ರಿ ಹಾಕಿಕೊಳ್ಳುವ ಗಾರ್ಡ್ ಮಾಡಿಕೊಡುತ್ತಾರೆ. ಕೆಲವರಿಗೆ ಮೈ ಸಡಿಲವಾದಂತೆ ಎದೆ ಹೊಡೆದುಕೊಂಡು ಆತಂಕವೇ ಹೆಚ್ಚುತ್ತದೆ. ಅಂಥವರು ಕಣ್ಣು ತೆರೆದು, ಕೂತು, ಕೈಗಳಿಗಷ್ಟೇ ಸೀಮಿತವಾಗಿ ಶುರುಮಾಡಿದರೆ ಒಳ್ಳೆಯದು. ಹತ್ತು ವರ್ಷದ ಆತಂಕಕ್ಕೆ ಆಪ್ತಸಮಾಲೋಚನೆಯೋ ಔಷಧಿಯೋ ಬೇಕಾದೀತು, ಸ್ನಾಯುವಿನ ಪಾಠ ಅದರ ಜೊತೆಗಿರಬಹುದು.

ದಿಢೀರನೆ ಸಿಡಿಲಿನಂತೆ ಬಂದ ತಲೆನೋವು, ಜ್ವರದೊಂದಿಗೆ ಸೆಟೆದ ಕತ್ತು, ಕೈಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವು, ಮೆಟ್ಟಿಲು ಹತ್ತುವಾಗ ದವಡೆಗೋ ಹೆಗಲಿಗೋ ಬರುವ ನೋವು, ಇವುಗಳಲ್ಲಿ ಯಾವುದಿದ್ದರೂ ವ್ಯಾಯಾಮ ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಿ. ಆತಂಕದ ಬಗ್ಗೆ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕರೆಗೆ ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.