ಉತ್ತರದ ಕೆಳಗಿನ ಪುಟಸಂಖ್ಯೆ

ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳಿ. ಅದರ ನಿಯಮಗಳೆಲ್ಲ ಪಿಡಿಎಫ್ ಕಡತಗಳಲ್ಲಿವೆ: 2019ರ ಸಿಬ್ಬಂದಿ ಕೈಪಿಡಿ, ಆಮೇಲೆ ಹೊರಡಿಸಿದ ಸುತ್ತೋಲೆಗಳು, ವಿಮೆಯ ಷರತ್ತುಗಳು, ಪ್ರಯಾಣ ಭತ್ಯೆಯ ಪಟ್ಟಿ. ಇವನ್ನೆಲ್ಲ ಹುಡುಕಿ ಉತ್ತರ ಹೇಳುವ ವ್ಯವಸ್ಥೆಯೊಂದನ್ನು ಕಂಪನಿ ತಂದಿದೆ. ನೌಕರನೊಬ್ಬ ಕೇಳುತ್ತಾನೆ: ‘ಹೆಂಡತಿಗೆ ಹೆರಿಗೆಯಾದರೆ ನನಗೆ ಎಷ್ಟು ದಿನ ರಜೆ?’ ಪರದೆಯ ಮೇಲೆ ‘5 ದಿನ’ ಎಂದು ಬರುತ್ತದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ: ಸಿಬ್ಬಂದಿ ಕೈಪಿಡಿ 2019, ಪುಟ 31, ಕಲಂ 7.3.

ಉತ್ತರ ತಪ್ಪು. 2023ರ ಸುತ್ತೋಲೆಯೊಂದು ಈ ರಜೆಯನ್ನು 15 ದಿನಕ್ಕೆ ಏರಿಸಿದೆ. ಆ ಸುತ್ತೋಲೆಯೂ ಅದೇ ಕಡತಗಳ ರಾಶಿಯಲ್ಲಿದೆ. ಹಾಗಿದ್ದೂ ಯಂತ್ರದ ಕಣ್ಣಿಗೆ ಅದು ಬೀಳಲಿಲ್ಲ. ಯಾಕೆ ಎಂಬುದನ್ನು ತಿಳಿಯಬೇಕಾದರೆ ಹುಡುಕಾಟ ಹೇಗೆ ನಡೆಯುತ್ತದೆಂದು ಮೊದಲು ನೋಡಬೇಕು.

ಇಂಥ ವ್ಯವಸ್ಥೆಯಲ್ಲಿ ಉತ್ತರ ಬರೆಯುವ ಭಾಷಾ ಮಾದರಿ ಕಂಪನಿಯ ಕಡತಗಳನ್ನು ಮೊದಲೇ ಓದಿ ಕಲಿತಿರುವುದಿಲ್ಲ. ಪ್ರಶ್ನೆ ಬಂದ ಮೇಲೆ ಸಂಬಂಧಪಟ್ಟ ನಾಲ್ಕೈದು ತುಣುಕುಗಳನ್ನು ಹೆಕ್ಕಿ ಅದರ ಮುಂದಿಡುತ್ತಾರೆ. ಅಷ್ಟನ್ನೇ ಓದಿಕೊಂಡು ಉತ್ತರ ಬರೆ ಎನ್ನುತ್ತಾರೆ. ಈ ವಿಧಾನವನ್ನು ಬಲ್ಲವರು ರ‍್ಯಾಗ್ ಎನ್ನುತ್ತಾರೆ. 2020ರಲ್ಲಿ ಫೇಸ್‌ಬುಕ್‌ನ ಸಂಶೋಧಕರು ಮತ್ತು ಅವರ ಸಂಗಡಿಗರು ಪ್ರಕಟಿಸಿದ ಪ್ರಬಂಧದಿಂದ ಚಾಲ್ತಿಗೆ ಬಂದ ಹೆಸರು ಅದು. ಹೆಕ್ಕಿದ ತುಣುಕೇ ತಪ್ಪಾದರೆ ಬರೆಯುವವನು ಎಷ್ಟು ಜಾಣನಾದರೇನು?

ಹೆಕ್ಕುವ ಕೆಲಸ ಎಂಬೆಡಿಂಗ್‌ನದು. ಪ್ರತಿ ಪಿಡಿಎಫ್ ಅನ್ನೂ ಒಂದೆರಡು ಪ್ಯಾರಾದಷ್ಟು ತುಣುಕುಗಳಾಗಿ ಕತ್ತರಿಸಿ, ಒಂದೊಂದು ತುಣುಕನ್ನೂ ಸಂಖ್ಯೆಗಳ ಸಾಲಾಗಿ ಬದಲಿಸುತ್ತಾರೆ. ಅಕ್ಷಾಂಶ, ರೇಖಾಂಶ ಎಂಬ ಎರಡು ಸಂಖ್ಯೆ ಗೊತ್ತಿದ್ದರೆ ಭೂಪಟದಲ್ಲಿ ಒಂದು ಊರನ್ನು ಗುರುತಿಸಬಹುದಲ್ಲ, ಇಲ್ಲಿ ಒಂದು ತುಣುಕಿನ ಅರ್ಥವನ್ನು ಗುರುತಿಸಲು 384, 768 ಅಥವಾ ಇನ್ನೂ ಹೆಚ್ಚು ಸಂಖ್ಯೆಗಳು ಬೇಕು. ಅರ್ಥ ಹತ್ತಿರವಿದ್ದ ಮಾತುಗಳು ಈ ಪಟದಲ್ಲೂ ಹತ್ತಿರ ಬೀಳುತ್ತವೆ. ಪ್ರಶ್ನೆಯನ್ನೂ ಹಾಗೇ ಸಂಖ್ಯೆಗಳಾಗಿಸಿ, ಅದಕ್ಕೆ ಅತಿ ಸಮೀಪದ ತುಣುಕುಗಳನ್ನು ಎತ್ತಿಕೊಳ್ಳುತ್ತಾರೆ. ನೌಕರ ಕೇಳಿದ್ದು ‘ಹೆಂಡತಿಗೆ ಹೆರಿಗೆಯಾದರೆ’ ಎಂದು. ಕೈಪಿಡಿಯಲ್ಲಿದ್ದದ್ದು ‘ಪಿತೃತ್ವ ರಜೆ’ ಎಂದು. ಎರಡರಲ್ಲೂ ಇರುವ ಪದ ರಜೆ ಒಂದೇ, ಅದು ಕೈಪಿಡಿಯ ಎಷ್ಟೋ ಪುಟಗಳಲ್ಲಿದೆ. ಆದರೂ ಸರಿಯಾದ ಕಲಂ ಸಿಕ್ಕಿತು. ಪದ ಹೊಂದಿಸಿ ನೋಡುವ ಹಳೆಯ ಹುಡುಕಾಟಕ್ಕೆ ಇದು ಕಷ್ಟ.

ಈಗ ಸುತ್ತೋಲೆಗೆ ಬನ್ನಿ. ಅದರಲ್ಲಿ ಇದ್ದದ್ದು ಇಷ್ಟೇ: ‘ಕಲಂ 7.3ರಲ್ಲಿ “ಐದು” ಎಂಬುದರ ಬದಲಿಗೆ “ಹದಿನೈದು” ಎಂದು ಓದಿಕೊಳ್ಳತಕ್ಕದ್ದು.’ ಕಚೇರಿ ಭಾಷೆ ಬಲ್ಲವರಿಗೆ ಈ ಧಾಟಿ ಹೊಸದಲ್ಲ. ಆದರೆ ಇಲ್ಲಿ ರಜೆಯ ಸುಳಿವಿಲ್ಲ, ಹೆರಿಗೆಯ ಸುಳಿವಿಲ್ಲ, ಅಪ್ಪನ ಸುಳಿವೂ ಇಲ್ಲ. ಹೀಗಾಗಿ ಆ ಪಟದಲ್ಲಿ ಈ ವಾಕ್ಯ ಪ್ರಶ್ನೆಯಿಂದ ಬಹುದೂರ, ಬಹುಶಃ ಬೇರೆ ತಿದ್ದುಪಡಿಗಳ ಗುಂಪಿನಲ್ಲಿ ಹೋಗಿ ಕೂತಿರುತ್ತದೆ. ಮಾದರಿ ಏನನ್ನೂ ಕಲ್ಪಿಸಿ ಹೇಳಲಿಲ್ಲ. ಕೊಟ್ಟ ತುಣುಕನ್ನು ಸರಿಯಾಗಿಯೇ ಓದಿ ಹೇಳಿತು.

ಸರಿಪಡಿಸುವುದು ಹೇಗೆ? ಕತ್ತರಿಸುವಾಗಲೇ ಪ್ರತಿ ತುಣುಕಿನ ತಲೆಗೆ ಅದರ ಗುರುತನ್ನು ಅಂಟಿಸಬೇಕು: ಯಾವ ದಾಖಲೆ, ಯಾವ ಅಧ್ಯಾಯ, ಯಾವ ತಾರೀಖು, ಯಾವ ಕಲಮಿಗೆ ತಿದ್ದುಪಡಿ. ‘ಪಿತೃತ್ವ ರಜೆ, ಕಲಂ 7.3ರ ತಿದ್ದುಪಡಿ, 2023’ ಎಂಬ ಒಂದು ಸಾಲು ಸೇರಿದರೆ ಸುತ್ತೋಲೆಯ ತುಣುಕು ಪ್ರಶ್ನೆಯ ಹತ್ತಿರಕ್ಕೆ ಸರಿಯುತ್ತದೆ. ಜೊತೆಗೆ, ಪದ ಹೊಂದಿಸುವ ಹಳೆಯ ಹುಡುಕಾಟವನ್ನೂ ಬಿಡಬಾರದು. ಕಲಂ 7.3 ಮತ್ತು ಕಲಂ 7.8 ಎಂಬೆಡಿಂಗ್‌ಗೆ ಹೆಚ್ಚುಕಡಿಮೆ ಒಂದೇ ಥರ ಕಾಣಬಹುದು. ಸಂಖ್ಯೆ, ಫಾರಂ ಹೆಸರು, ಬಿಡಿಭಾಗದ ಕೋಡ್ ಇಂಥವನ್ನು ಹಿಡಿಯುವುದರಲ್ಲಿ ಹಳೆಯದೇ ಗಟ್ಟಿ. ಎರಡನ್ನೂ ಓಡಿಸಿ ಫಲಿತಾಂಶ ಬೆರೆಸುವುದು ಈಗ ರೂಢಿ. ನನ್ನನ್ನು ಕೇಳಿದರೆ, ಇದೆಲ್ಲಕ್ಕಿಂತ ಮೊದಲು ತಿದ್ದುಪಡಿಗಳನ್ನು ಸೇರಿಸಿ ಕೈಪಿಡಿಯನ್ನೇ ಹೊಸದಾಗಿ ಅಚ್ಚು ಮಾಡಿಸುವುದು ಒಳ್ಳೆಯದು. ಅದು ಗುಮಾಸ್ತರ ಕೆಲಸ, ಹಾಗಾಗಿ ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ಪಿಡಿಎಫ್ ಕೂಡ ಸುಲಭದ ಆಸಾಮಿಯಲ್ಲ. 1993ರಲ್ಲಿ ಅಡೋಬಿ ಇದನ್ನು ತಂದದ್ದು ಪುಟ ಎಲ್ಲಿ ತೆರೆದರೂ ಒಂದೇ ರೀತಿ ಕಾಣಲಿ ಎಂದು. ಯಾವ ಅಕ್ಷರ ಪುಟದ ಯಾವ ಜಾಗದಲ್ಲಿದೆ ಎಂಬುದು ಅದರಲ್ಲಿ ಖಚಿತವಾಗಿರುತ್ತದೆ. ಇದು ಪ್ಯಾರಾ, ಇದು ಕೋಷ್ಟಕ ಎಂಬ ಗುರುತು ಎಷ್ಟೋ ಕಡತಗಳಲ್ಲಿ ಇರುವುದೇ ಇಲ್ಲ. ಹೀಗಾಗಿ ಭತ್ಯೆಯ ಕೋಷ್ಟಕದಿಂದ ಪಠ್ಯ ಎಳೆದಾಗ ತಲೆಬರಹ ಒಂದು ಕಡೆ, ಮೊತ್ತ ಇನ್ನೊಂದು ಕಡೆ ಆಗಿ, ಮ್ಯಾನೇಜರನ ಭತ್ಯೆ ಚಾಲಕನ ಹೆಸರಿಗೆ ಬಿದ್ದರೂ ಬಿತ್ತು. ಕನ್ನಡ ಕಡತಗಳಲ್ಲಿ ಇನ್ನೊಂದು ತಾಪತ್ರಯವಿದೆ. ಯೂನಿಕೋಡ್ ಬಳಸದೆ ಹಳೆಯ ನುಡಿ ಫಾಂಟ್‌ನಲ್ಲಿ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡವೇ. ಪಠ್ಯ ಎಳೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ `PÀ£ÀßqÀ` ಬರುತ್ತದೆ. ಅದರ ಎಂಬೆಡಿಂಗ್ ಯಾವ ಅರ್ಥಕ್ಕೂ ಹತ್ತಿರವಾಗುವುದಿಲ್ಲ. ಆ ದಾಖಲೆ ಇದ್ದೂ ಇಲ್ಲದಂತೆ. ಪತ್ತೆ ಹಚ್ಚುವುದು ಕಷ್ಟವಲ್ಲ: ಪುಟದಿಂದ ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿದರೆ ಸಾಕು. ಏನೂ ನಕಲಾಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ, ಮೊದಲು ಓಸಿಆರ್‌ಗೆ ಹಾಕಬೇಕು.

ಇಷ್ಟು ಗೊಂದಲದ ನಡುವೆ ನೌಕರನ ಕೈಯಲ್ಲಿರುವ ಹಿಡಿ ಎಂದರೆ ಆ ಮೂಲದ ಸಾಲು. ‘2019’ ಎಂದು ಕಂಡಾಗಲೇ ‘ಆಮೇಲೆ ಏನಾದರೂ ಬದಲಾಗಿದೆಯೇ’ ಎಂದು ಮಾನವ ಸಂಪನ್ಮೂಲ ವಿಭಾಗವನ್ನು ಕೇಳಲು ಅವನಿಗೆ ಕಾರಣ ಸಿಕ್ಕಿತು. ಬರೀ ‘5 ದಿನ’ ಎಂದಿದ್ದರೆ ನಂಬಿಕೊಂಡು ಆರನೆಯ ದಿನ ಕೆಲಸಕ್ಕೆ ಬರುತ್ತಿದ್ದ. ಮೂಲ ತೋರಿಸುವುದರಲ್ಲೂ ಹೆಚ್ಚುಕಡಿಮೆ ಇದೆ. 200 ಪುಟದ ಕಡತದ ಹೆಸರನ್ನಷ್ಟೇ ಹಾಕಿದರೆ ಯಾರೂ ತೆರೆದು ನೋಡುವುದಿಲ್ಲ. ಒತ್ತಿದ ಕೂಡಲೇ ಅದೇ ಪುಟ ತೆರೆದು, ಆಧಾರವಾದ ವಾಕ್ಯಕ್ಕೆ ಹಳದಿ ಬಣ್ಣ ಬಳಿದಿರಬೇಕು.

ಮೂಲವಿದೆ ಎಂದ ಮಾತ್ರಕ್ಕೆ ಉತ್ತರ ಸರಿ ಎಂದೂ ಅಲ್ಲ. ತುಣುಕುಗಳಿಗೆ ಒಂದು, ಎರಡು, ಮೂರು ಎಂದು ನಂಬರು ಹಾಕಿ ಕೊಟ್ಟು, ಪ್ರತಿ ವಾಕ್ಯದ ಮುಂದೆ ಆಧಾರದ ನಂಬರು ಬರೆ ಎಂದು ಮಾದರಿಗೆ ಹೇಳಿರುತ್ತಾರೆ. ಅದು ಕೆಲವೊಮ್ಮೆ ತುಣುಕಿನಲ್ಲಿ ಇಲ್ಲದ ಮಾತನ್ನು ಬರೆದು ಅದಕ್ಕೂ ಒಂದು ನಂಬರು ಹಚ್ಚುತ್ತದೆ. ‘ರಜೆಯನ್ನು ಎರಡು ಕಂತಿನಲ್ಲಿ ಪಡೆಯಬಹುದು [2]’ ಎಂದಿದ್ದರೆ, ಎರಡನೆಯ ತುಣುಕಿನಲ್ಲಿ ಕಂತಿನ ಮಾತೇ ಇಲ್ಲದಿರಬಹುದು. ಇದನ್ನು ತಡೆಯಲು ವಾಕ್ಯವನ್ನೂ ತುಣುಕನ್ನೂ ಎದುರುಬದುರು ಇಟ್ಟು ಮತ್ತೊಮ್ಮೆ ತಾಳೆ ನೋಡುವ ಹಂತವನ್ನು ಕೆಲವರು ಸೇರಿಸುತ್ತಾರೆ. ಆಧಾರ ಸಿಗದಿದ್ದರೆ ‘ದಾಖಲೆಗಳಲ್ಲಿ ಸಿಗಲಿಲ್ಲ’ ಎನ್ನಲು ಅನುಮತಿ ಕೊಟ್ಟಿರಬೇಕು, ಇಲ್ಲದಿದ್ದರೆ ಅದು ಏನಾದರೊಂದು ಹೇಳಿಯೇ ಹೇಳುತ್ತದೆ.

ವ್ಯವಸ್ಥೆ ನೋಡಿಕೊಳ್ಳುವವರು ತಪ್ಪು ಉತ್ತರದ ದೂರು ಬಂದಾಗ ಮೊದಲು ನೋಡಬೇಕಾದ್ದು ಉತ್ತರವನ್ನಲ್ಲ, ಹೆಕ್ಕಿದ ತುಣುಕುಗಳನ್ನು. ಸರಿಯಾದ ತುಣುಕು ಅಲ್ಲಿ ಇದ್ದೂ ಉತ್ತರ ತಪ್ಪಾಗಿದ್ದರೆ ಮಾದರಿಯ ಕಡೆ ತಿರುಗಬಹುದು. ತುಣುಕೇ ಇಲ್ಲದಿದ್ದರೆ ಮಾದರಿಯನ್ನು ಬದಲಿಸಿ ದುಡ್ಡು ಸುರಿದು ಪ್ರಯೋಜನವಿಲ್ಲ. ಇದಕ್ಕೆ ನೌಕರರು ನಿಜವಾಗಿ ಕೇಳಿದ ಮೂವತ್ತು ನಲವತ್ತು ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದಿಟ್ಟು, ಪ್ರತಿಯೊಂದರ ಎದುರು ಉತ್ತರವಿರುವ ಪುಟವನ್ನು ಒಬ್ಬ ಅನುಭವಿ ಗುಮಾಸ್ತರಿಂದ ಗುರುತು ಹಾಕಿಸಬೇಕು. ಮೊದಲ ಐದು ತುಣುಕುಗಳಲ್ಲಿ ಆ ಪುಟ ಎಷ್ಟು ಸಲ ಬಂತು ಎಂಬುದೇ ಲೆಕ್ಕ. ತುಣುಕಿನ ಉದ್ದ ಬದಲಿಸಿದಾಗ, ಹೊಸ ಸುತ್ತೋಲೆ ಸೇರಿಸಿದಾಗ ಇದೇ ಪ್ರಶ್ನೆಗಳನ್ನು ಮತ್ತೆ ಓಡಿಸಬೇಕು. ಒಂದು ಕಡೆ ಸರಿಪಡಿಸಲು ಹೋಗಿ ನಿನ್ನೆ ಸಿಗುತ್ತಿದ್ದ ಪುಟ ಇವತ್ತು ತಪ್ಪಿಸಿಕೊಂಡಿದ್ದರೆ ಅದು ಈ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ.